ಬಲಗಡೆಯ ಪುಟ

ಮುಂಡಾಜೆ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಮಳೆ ಲೆಕ್ಕ ಬರೆದಿಡುವವರು ಈಗಲೂ ಇದ್ದಾರೆ. ಅಂಗಳದಾಚೆ ಮರದ ನೆರಳು ಬೀಳದ ಜಾಗದಲ್ಲಿ ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಎದ್ದು ಅದರ ನೀರನ್ನು ಅಳೆದು, ಇಷ್ಟು ಮಿಲಿಮೀಟರ್ ಎಂದು ಪುಸ್ತಕದಲ್ಲಿ ಬರೆದ ಮೇಲೆಯೇ ಮುಂದಿನ ಕೆಲಸ. ಪಕ್ಕದಲ್ಲಿ ಜಾಗ ಉಳಿದರೆ ಎರಡು ಶಬ್ದ: ‘ಗಾಳಿ ಜೋರು’, ‘ಬೋರ್ಡೋ ಎರಡನೇ ಸಲ’, ‘ಮೂರು ಮರ ಬಿತ್ತು’. ನನ್ನ ಪರಿಚಯದ ಒಂದು ಮನೆಯಲ್ಲಿ ಅಪ್ಪ ಬರೆದದ್ದರ ಮುಂದಕ್ಕೆ ಮಗ ಬರೆಯುತ್ತಿದ್ದಾನೆ. ಅಕ್ಷರ ಬದಲಾದ ತಾರೀಕು ನೋಡಿದರೆ ಅಪ್ಪ ತೀರಿಕೊಂಡದ್ದು ಯಾವಾಗ ಎಂದು ಗೊತ್ತಾಗುತ್ತದೆ. ಅದನ್ನು ಬೇರೆ ಯಾರೂ ಬರೆದಿಟ್ಟಿಲ್ಲ.

ಇವರು ಯಾರೂ ಮಳೆಯ ಮಹಿಮೆಯನ್ನು ಬರೆಯುವುದಿಲ್ಲ. ಬಂದಷ್ಟನ್ನು ಬರೆಯುತ್ತಾರೆ. ಬಾರದ ದಿನ ಸೊನ್ನೆ. ಗೀತೆ ಓದುವ ನಮ್ಮ ಕೂಟದವರಿಗೆ ದಿನಚರಿ ಬರೆಯುವ ಅಭ್ಯಾಸ ಮಾಡಿಸಲು ಹೊರಟಾಗ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಈ ಪುಸ್ತಕ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಇಷ್ಟು ವರ್ಷಗಳ ಅನುಭವವಲ್ಲ.

ಕೂಟ ಸುರುವಾದದ್ದು ಒಂದು ಆಟಿ ತಿಂಗಳಲ್ಲಿ, ಭಜನಾ ಮಂದಿರದಲ್ಲಿ. ವಾರದ ಭಜನೆ ಮುಗಿದ ಮೇಲೆ ಒಂದು ಗಂಟೆ ಕೂತು ಭಗವದ್ಗೀತೆ ಓದುವುದು, ಜೊತೆಗೆ ಡಿ.ವಿ.ಜಿ.ಯವರ ‘ಜೀವನಧರ್ಮಯೋಗ’. ಬರುತ್ತಿದ್ದವರಲ್ಲಿ ತೋಟದವರು, ಅಂಗನವಾಡಿಯವರು, ಬೀಡಿ ಕಟ್ಟುವವರು, ಉಜಿರೆಯಲ್ಲಿ ಅಂಗಡಿ ಇಟ್ಟವರು, ನನ್ನಂತೆ ನಿವೃತ್ತರಾದವರು ಇದ್ದರು. ಮನೆಮಾತು ಒಬ್ಬರದು ತುಳು, ಒಬ್ಬರದು ಹವ್ಯಕ, ಇನ್ನೊಬ್ಬರದು ಚಿತ್ಪಾವನಿ. ಓದುವಾಗ ಎಲ್ಲರೂ ತಲೆದೂಗುತ್ತಿದ್ದರು. ಮುಂದಿನ ವಾರ ‘ಹಿಂದಿನ ಸಲ ಎಲ್ಲಿಗೆ ನಿಲ್ಲಿಸಿದ್ದು?’ ಎಂದರೆ ಪುಟದ ನಂಬರು ಹೇಳುತ್ತಿದ್ದರು. ಓದಿದ್ದು ನಡುವಿನ ಆರು ದಿನ ಎಲ್ಲಿತ್ತು ಎಂದು ಕೇಳಿದರೆ ಉತ್ತರ ಇರಲಿಲ್ಲ. ನೋಟ್‌ಬುಕ್ಕಿನ ಆಲೋಚನೆ ಬಂದದ್ದು ಹಾಗೆ.

ನೂರು ಪುಟದ ಗೆರೆ ಹಾಕಿದ ನೋಟ್‌ಬುಕ್ ತಂದು ಎಲ್ಲರಿಗೂ ಕೊಟ್ಟೆವು. ಜನವರಿಯಲ್ಲಿ ಸೊಸೈಟಿಯವರು ಪುಕ್ಕಟೆ ಕೊಡುವ ಡೈರಿ ಸಾಕಲ್ಲ ಎಂದು ಒಬ್ಬರು ಹೇಳಿದ್ದರು, ಅದು ಆಗುವುದಿಲ್ಲ. ಅದರಲ್ಲಿ ತಾರೀಕು ಮೊದಲೇ ಅಚ್ಚಾಗಿರುತ್ತದೆ. ನಾಲ್ಕು ದಿನ ಬರೆಯದಿದ್ದರೆ ನಾಲ್ಕು ಖಾಲಿ ಪುಟ ಎದುರಿಗೆ ಬರುತ್ತದೆ, ಐದನೇ ದಿನ ತೆರೆಯಲು ಮನಸ್ಸಾಗುವುದಿಲ್ಲ. ಖಾಲಿ ನೋಟ್‌ಬುಕ್ಕಿನಲ್ಲಾದರೆ ತಾರೀಕು ನಾವೇ ಹಾಕುವುದು, ಬಿಟ್ಟ ದಿನ ಕಾಣಿಸುವುದೇ ಇಲ್ಲ. ಇನ್ನೊಂದು ಸಣ್ಣ ಸಂಗತಿ, ಜೆಲ್ ಪೆನ್ನು ಬೇಡ. ನಮ್ಮ ಮಳೆಗಾಲದ ತೇವಕ್ಕೆ ಅದರ ಶಾಯಿ ಹರಡಿ ಹಿಂದಿನ ಪುಟಕ್ಕೂ ಇಳಿಯುತ್ತದೆ. ಬಾಲ್ ಪೆನ್ನೇ ಲಾಯಕ್ಕು.

ಮೊದಲ ವಾರಗಳಲ್ಲಿ ಯಾರಿಗೂ ಪ್ರಶ್ನೆ ಕೊಟ್ಟಿರಲಿಲ್ಲ. ಓದಿದ್ದರ ಬಗ್ಗೆ ನಿಮಗೆ ತೋಚಿದ್ದು ಬರೆಯಿರಿ ಎಂದಷ್ಟೇ ಹೇಳಿದ್ದು. ಪ್ರತಿಯೊಬ್ಬರೂ ತಮಗೆ ಮೊದಲೇ ಗೊತ್ತಿದ್ದ ಒಂದು ಬಗೆಯ ಬರವಣಿಗೆಗೆ ಹೋಗಿ ಸೇರಿದರು. ಶಾಲೆ ಕಲಿತವರು ತಾತ್ಪರ್ಯ ಬರೆದರು: ‘ಮನುಷ್ಯನು ಫಲಾಪೇಕ್ಷೆಯನ್ನು ತೊರೆದು ಕರ್ತವ್ಯವನ್ನು ಮಾಡಬೇಕು.’ ಸಂಘದ ಸಭೆಗೆ ಹೋಗಿ ಅಭ್ಯಾಸ ಇದ್ದವರ ಪುಟದಲ್ಲಿ ‘ಓದಲಾಯಿತು, ಚರ್ಚಿಸಲಾಯಿತು’ ಎಂದು ನಿರ್ಣಯ ಪುಸ್ತಕದ ಭಾಷೆ ಬಂತು. ಒಬ್ಬರು ಹಿರಿಯ ಅಮ್ಮ ಆ ದಿನದ ಶ್ಲೋಕವನ್ನೇ ಪುಟ ತುಂಬಾ ಬರೆದು ತಂದಿದ್ದರು, ಒಂದರ ಕೆಳಗೆ ಒಂದು, ಗೆರೆ ತಪ್ಪದ ಹಾಗೆ. ರಾಮನಾಮ ಬರೆದು ಎಷ್ಟೋ ಪುಸ್ತಕ ತುಂಬಿಸಿದ ಕೈ ಅದು. ಶಾಸ್ತ್ರ ಮತ್ತು ನೋಟ್‌ಬುಕ್ ಎರಡೂ ಒಟ್ಟಿಗೆ ಸಿಕ್ಕಿದರೆ ಲಿಖಿತ ಜಪವಲ್ಲದೆ ಬೇರೇನು ಎಂಬುದು ಅವರ ಲೆಕ್ಕ. ಅದರಲ್ಲಿ ತಪ್ಪೇನಿಲ್ಲ. ಆದರೆ ಅದು ಬೇರೆಯೇ ಸಾಧನೆ.

ಎಲ್ಲರಿಗಿಂತ ಚೆನ್ನಾಗಿ ಬರೆದವರು ತಾಳಮದ್ದಳೆಯಲ್ಲಿ ಅರ್ಥ ಹೇಳುವ ಹವ್ಯಾಸದವರು. ಒಂದು ಶ್ಲೋಕಕ್ಕೆ ನಾಲ್ಕು ಪುಟ. ಕೃಷ್ಣ ಮಾತಾಡುತ್ತಾನೆ, ಅರ್ಜುನ ಎದುರಾಡುತ್ತಾನೆ, ಮಧ್ಯೆ ಶಲ್ಯ ಬಂದು ಹೋಗುತ್ತಾನೆ. ನಮ್ಮ ಕರಾವಳಿಯಲ್ಲಿ ಶಾಸ್ತ್ರ ಓದಿದವರಿಗೆ ಈ ವಿದ್ಯೆ ಬೇಗ ಹತ್ತುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳುತ್ತಾ ಬೆಳೆದ ಊರುಗಳಿವು. ಅವರ ನಾಲ್ಕು ಪುಟ ಓದಿಸಿಕೊಂಡು ಹೋಗುತ್ತಿತ್ತು, ಆದರೆ ಅವರು ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ. ಅರ್ಥಧಾರಿ ಇನ್ನೊಬ್ಬನಾಗಿ ಮಾತಾಡಲು ಕಲಿತವನು. ಇಲ್ಲಿ ಬೇಕಾದದ್ದು ಅದಲ್ಲ.

ಆಗಲೇ ಮಳೆಯ ಪುಸ್ತಕ ನೆನಪಾದದ್ದು. ಅದನ್ನು ಬರೆಯುವವರೊಬ್ಬರು ಕೂಟದಲ್ಲೇ ಇದ್ದರು. ಮುಂದಿನ ವಾರ ಅದನ್ನು ತರಿಸಿ ಎಲ್ಲರ ಕೈಗೂ ಕೊಟ್ಟು, ‘ನಿಮ್ಮ ಪುಸ್ತಕವೂ ಹೀಗಿದ್ದರೆ ಸಾಕು, ಏನು ಆಯಿತೋ ಅದು’ ಎಂದೆ.

‘ಮಾಷ್ಟ್ರೇ, ಮಳೆ ಆದ್ರೆ ಅಳೀಬಹುದು. ಇದನ್ನು ಎಂತದರಲ್ಲಿ ಅಳೆಯುದು?’ ಎಂದರು ಪುಸ್ತಕದ ಯಜಮಾನರು.

ಆ ಮಾತಿನಿಂದ ಮೂರು ಪ್ರಶ್ನೆ ಹುಟ್ಟಿತು. ಒಂದು: ಇವತ್ತು ಓದಿದ್ದರಲ್ಲಿ ನಿಮ್ಮನ್ನು ನಿಲ್ಲಿಸಿದ ಶಬ್ದ ಯಾವುದು? ಎರಡು: ಈ ವಾರ ಅದು ನೆನಪಾದದ್ದು ಎಲ್ಲಿ, ಯಾರ ಎದುರು, ಆಗ ನೀವು ಆಡಿದ ಮಾತು ಏನು? ಮೂರು: ಇದರಲ್ಲಿ ನಿಮಗೆ ಒಪ್ಪಿಗೆಯಾಗದ್ದು ಏನು? ಇದಕ್ಕಿಂತ ಹೆಚ್ಚು ಕೊಡಲಿಲ್ಲ. ‘ಈ ಶ್ಲೋಕದಿಂದ ಕಲಿತ ಪಾಠವೇನು’, ‘ಇನ್ನು ಮುಂದೆ ಏನು ಮಾಡುವಿರಿ’ ಎಂಬ ಎರಡು ಪ್ರಶ್ನೆ ಬೇಕೆಂದು ಕೆಲವರು ಒತ್ತಾಯ ಮಾಡಿದ್ದರು, ನಾನು ಒಪ್ಪಲಿಲ್ಲ. ಪಾಠ ಕೇಳಿದರೆ ತಾತ್ಪರ್ಯ ಬರುತ್ತದೆ, ಮುಂದೆ ಏನು ಎಂದು ಕೇಳಿದರೆ ಪ್ರತಿಜ್ಞೆ ಬರುತ್ತದೆ. ಪ್ರತಿಜ್ಞೆ ಬರೆದವನಿಗೆ ಅದು ಮುರಿದ ವಾರ ನೋಟ್‌ಬುಕ್ ತೆರೆಯಲು ನಾಚಿಕೆ. ಎಷ್ಟೋ ಜನರ ಡೈರಿ ನಿಲ್ಲುವುದು ಅಲ್ಲಿಯೇ.

ಪುಟದ ವ್ಯವಸ್ಥೆಯೂ ಸರಳ. ತೆರೆದ ನೋಟ್‌ಬುಕ್ಕಿನ ಎಡಗಡೆ ಶ್ಲೋಕದ ನಂಬರು, ನಿಲ್ಲಿಸಿದ ಶಬ್ದ, ಅದರ ಬಗ್ಗೆ ಡಿ.ವಿ.ಜಿ. ಏನು ಹೇಳಿದ್ದಾರೆ ಎಂಬುದು ಎರಡು ಸಾಲಿನಲ್ಲಿ. ಬಲಗಡೆಯ ಪುಟ ಪೂರ್ತಿ ಬರೆಯುವವರದ್ದು. ಅಲ್ಲಿ ಶ್ಲೋಕ ಬರಬಾರದು, ಕೃಷ್ಣ ಮಾತಾಡಬಾರದು. ಕೆಳಗಿನ ಐದಾರು ಗೆರೆ ಖಾಲಿ ಬಿಡಬೇಕು, ಅದು ಯಾಕೆಂದು ಆಮೇಲೆ ಹೇಳುತ್ತೇನೆ. ಓದು ಮುಗಿದ ಮೇಲೆ ಮಂದಿರದಲ್ಲೇ ಹತ್ತು ನಿಮಿಷ, ಯಾರೂ ಮಾತಾಡದೆ ಬರೆಯುವುದು. ಮನೆಗೆ ಹೋಗಿ ಬರೆಯುತ್ತೇವೆ ಎಂದವರು ಯಾರೂ ಬರೆಯುವುದಿಲ್ಲ. ಮನೆಯಲ್ಲಿ ದನ ಇರುತ್ತದೆ, ಟಿವಿ ಇರುತ್ತದೆ.

ಈ ಕ್ರಮದಿಂದ ಏನಾಗುತ್ತದೆ ಎಂದು ನಾನು ಕಣ್ಣಾರೆ ಕಂಡದ್ದು ಎರಡನೇ ಅಧ್ಯಾಯದಲ್ಲಿ. ಆ ಅಧ್ಯಾಯದ 72 ಶ್ಲೋಕಗಳಲ್ಲಿ ಕೊನೆಯ 19 ಸ್ಥಿತಪ್ರಜ್ಞನದ್ದು. ಗಾಂಧೀಜಿಯವರ ಆಶ್ರಮದ ಸಾಯಂಪ್ರಾರ್ಥನೆಯಲ್ಲಿ ಹೇಳುತ್ತಿದ್ದದ್ದು ಇದನ್ನೇ. ಅದರ ನಡುವೆ 62 ಮತ್ತು 63ನೇ ಶ್ಲೋಕಗಳಲ್ಲಿ ಮನುಷ್ಯ ಹಾಳಾಗುವ ದಾರಿಯನ್ನು ಒಂದೊಂದೇ ಮೆಟ್ಟಿಲಾಗಿ ಹೇಳಿದೆ. ಮನಸ್ಸು ಒಂದು ವಿಷಯವನ್ನೇ ಮೆಲುಕು ಹಾಕುತ್ತದೆ, ಅದರಿಂದ ಅಂಟು, ಅಂಟಿನಿಂದ ಬೇಕೆಂಬ ಹಟ, ಹಟದಿಂದ ಸಿಟ್ಟು, ಸಿಟ್ಟಿನಿಂದ ಮಂಕು, ಮಂಕಿನಿಂದ ನೆನಪು ತಪ್ಪುವುದು, ನೆನಪು ತಪ್ಪಿದಲ್ಲಿಗೆ ವಿವೇಕ ಹೋಯಿತು, ಮತ್ತೆ ಉಳಿಯುವುದೇನೂ ಇಲ್ಲ. ಪ್ರವಚನದಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇವೋ. ಕೇಳುವಾಗ ಅದು ಯಾವಾಗಲೂ ರಾವಣನ ಕತೆ, ದುರ್ಯೋಧನನ ಕತೆ.

ಕೂಟದ ಒಬ್ಬ ತೋಟದವರಿಗೆ ಆ ವಾರ ತಮ್ಮನೊಡನೆ ಜಗಳವಾಗಿತ್ತು. ಅವರ ಒಪ್ಪಿಗೆ ಪಡೆದು, ಗುರುತು ಹತ್ತದ ಹಾಗೆ ಒಂದೆರಡು ವಿವರ ಬದಲಿಸಿ ಇದನ್ನು ಹೇಳುತ್ತಿದ್ದೇನೆ. ಅಣ್ಣ ತಮ್ಮ ಪಾಲಾದವರು, ಆದರೆ ಕೆರೆ ಒಂದೇ. ಬೇಸಿಗೆಯಲ್ಲಿ ಪಂಪು ಪಾಳಿಯ ಮೇಲೆ ಓಡಬೇಕು. ಮಾರ್ಚಿನ ಒಂದು ಬೆಳಿಗ್ಗೆ ತಮ್ಮನ ಪಾಳಿ ಮುಗಿದು ಅರ್ಧ ಗಂಟೆಯಾದರೂ ಗೇಟ್‌ವಾಲ್ವ್ ತಿರುಗಿರಲಿಲ್ಲ. ಅಣ್ಣ ಹೋಗಿ ಕೆಲಸದಾಳುಗಳ ಎದುರಿಗೇ ಬೈದರು. ಪಾಲಿನ ಕಾಲದ ಹಳೆಯ ಮಾತೊಂದನ್ನು ಎತ್ತಿ ಆಡಿದರು. ಎರಡನೇ ಪ್ರಶ್ನೆಗೆ ಉತ್ತರವಾಗಿ ಇಷ್ಟನ್ನೂ ಬರೆದಿದ್ದರು, ಆಡಿದ ಮಾತು ಸಹಿತ. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಬರೆದು ಮುಗಿಸಿ ಪೆನ್ನು ಕೆಳಗಿಡುವಾಗ ಎಡಗಡೆಯ ಪುಟದಲ್ಲಿ ತಾವೇ ಬರೆದಿದ್ದ ಮೆಟ್ಟಿಲುಗಳು ಕಣ್ಣಿಗೆ ಬಿದ್ದವಂತೆ. ಅವರು ಸಿಟ್ಟಿನ ಮೆಟ್ಟಿಲಲ್ಲಿ ನಿಂತು ಹಿಂದಕ್ಕೆ ಹೋಗಿ ನೋಡಿದರು. ಸಿಟ್ಟಿಗೆ ಮೊದಲು ಹಟ: ಏನು ಬೇಕಾಗಿತ್ತು? ಅರ್ಧ ಗಂಟೆಯ ನೀರೇ? ಅಲ್ಲ, ನೀರು ಅವತ್ತು ಸಾಕಷ್ಟಿತ್ತು. ‘ಅಣ್ಣಾ, ಸ್ವಲ್ಪ ಹೊತ್ತು ಬಿಡ್ಲಾ?’ ಎಂದು ತಮ್ಮ ಕೇಳಬೇಕಾಗಿತ್ತು, ಬೇಕಾದದ್ದು ಅಷ್ಟೇ. ಹಟಕ್ಕೆ ಮೊದಲು ಅಂಟು, ಅಂಟಿಗೂ ಮೊದಲು ಮೆಲುಕು: ಇದು ಯಾವಾಗ ಸುರುವಾಯಿತು? ಇಲ್ಲಿ ಅವರಿಗೆ ತುಂಬ ಹೊತ್ತು ಹಿಡಿಯಿತು. ಕೊನೆಗೆ ಬರೆದದ್ದು ಹೀಗಿತ್ತು: ತಮ್ಮ ಹನಿ ನೀರಾವರಿ ಹಾಕಿಸಿದಂದಿನಿಂದ ನಾನು ದಿನಾ ಸಂಜೆ ಗಡಿಯ ಬೇಲಿಯ ಬದಿಯಲ್ಲಿ ನಡೆದುಕೊಂಡು ಹೋಗುತ್ತೇನೆ, ಅವನ ಮರಗಳ ಹಿಂಗಾರ ಎಣಿಸುತ್ತೇನೆ.

ಅಲ್ಲಿಂದ ಮತ್ತೆ ಮುಂದಕ್ಕೆ ಬಂದು, ನೆನಪು ತಪ್ಪುವುದು ಎಂಬ ಮೆಟ್ಟಿಲಿನ ಎದುರು ಇನ್ನೊಂದು ಸಾಲು ಸೇರಿಸಿದ್ದರು. ಹಿಂದಿನ ವರ್ಷ ಅವರು ಸೊಂಟನೋವಿನಿಂದ ಮಲಗಿದ್ದಾಗ ಎರಡೂ ತೋಟಕ್ಕೆ ನೀರು ಬಿಟ್ಟವನು ಆ ತಮ್ಮನೇ. ಬೈಯುವಾಗ ಅದು ಮನಸ್ಸಿನಲ್ಲಿ ಇರಲೇ ಇಲ್ಲ. ‘ಶ್ಲೋಕದಲ್ಲಿ ಸ್ಮೃತಿ ಅಂದ್ರೆ ದೊಡ್ಡ ಶಾಸ್ತ್ರದ ಸಂಗತಿ ಅಂತ ಗ್ರಹಿಸಿದ್ದೆ ಮಾಷ್ಟ್ರೇ, ಇದೂ ಆಗ್ತದಲ್ಲ?’ ಎಂದು ಕೇಳಿದರು. ವ್ಯಾಖ್ಯಾನಕಾರರು ಅಲ್ಲಿ ಹೇಳುವುದು ಶಾಸ್ತ್ರದಿಂದಲೂ ಗುರುವಿನಿಂದಲೂ ಬಂದ ಸಂಸ್ಕಾರದ ನೆನಪು. ಅದನ್ನು ಅವರಿಗೆ ಹೇಳಿದೆ. ಆದರೆ ಬಲಗಡೆಯ ಪುಟದಲ್ಲಿ ಬರೆದದ್ದನ್ನು ತಿದ್ದಲು ಹೋಗಲಿಲ್ಲ.

ಜಗಳ ಮುಗಿಯಿತೆಂದು ಹೇಳಲಾರೆ. ಆ ಮೇಲೆ ಅವರು ಮಾಡಿದ್ದು ಒಂದೇ, ಸಂಜೆ ನಡೆಯುವ ದಾರಿ ಬದಲಿಸಿದರು. ತಮ್ಮನ ಕಾಲು ಹಿಡಿಯುತ್ತೇನೆ, ಇನ್ನು ಸಿಟ್ಟು ಮಾಡುವುದಿಲ್ಲ ಎಂದೆಲ್ಲ ಬರೆಯಲಿಲ್ಲ. ಸಿಟ್ಟನ್ನು ಸಿಟ್ಟಿನ ಮೆಟ್ಟಿಲಲ್ಲಿ ಹಿಡಿಯಲಾಗುವುದಿಲ್ಲ, ಬೇಲಿಯ ಹತ್ತಿರವಾದರೆ ಹಿಡಿಯಬಹುದು ಎಂಬುದು ಅವರಿಗೆ ಕಂಡಿತ್ತು. ಎಷ್ಟು ಪ್ರವಚನ ಮಾಡಿದ್ದರೂ ಆ ಬೇಲಿಯ ಸಂಗತಿ ನನಗೆ ಗೊತ್ತಾಗುತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ.

ಹೆಂಗಸರ ಪುಟಗಳಲ್ಲಿ ಬೇರೆ ಒಂದು ತೊಡಕಿತ್ತು, ಅದು ಭಾಷೆಯದು. ನಮ್ಮಲ್ಲಿ ಮನೆಯಲ್ಲಿ ತುಳು ಮಾತಾಡುತ್ತೇವೆ, ಪೆನ್ನು ಹಿಡಿದ ಕೂಡಲೇ ಶಾಲೆಯ ಕನ್ನಡ ಬರುತ್ತದೆ. ಒಬ್ಬರು ಅಕ್ಕ ‘ನೆರೆಮನೆಯವರೊಂದಿಗೆ ಕ್ಷುಲ್ಲಕ ವಿಚಾರಕ್ಕೆ ಮನಸ್ತಾಪವಾಯಿತು’ ಎಂದು ಬರೆದಿದ್ದರು. ಏನಾಯಿತು ಎಂದು ಕೇಳಿದಾಗ ತುಳುವಿನಲ್ಲಿ ಗಳಗಳನೆ ಹೇಳಿಬಿಟ್ಟರು: ನೆರೆಮನೆಯ ಕೋಳಿ, ಆಗಷ್ಟೇ ಮೊಳಕೆ ಬಂದ ಅಲಸಂಡೆ, ಇವರು ಎಸೆದ ಕಲ್ಲು, ಅದು ಕೋಳಿಯ ಕಾಲಿಗೆ ತಾಗಿದ್ದು, ತಾಗಿದ್ದು ಕಂಡು ಒಳಗೊಳಗೇ ಖುಷಿಯಾದದ್ದು. ‘ಇದನ್ನೇ ಬರೀರಿ, ತುಳುವಿನಲ್ಲೇ, ಕನ್ನಡ ಅಕ್ಷರದಲ್ಲಿ’ ಎಂದೆ. ತುಳುವನ್ನು ಬರೆಯುವುದುಂಟಾ ಎಂದು ನಕ್ಕರು. ಆದರೆ ಬರೆದರು. ‘ಎಂಕ್ ಕೋಪ ಬತ್ತ್‌ಂಡ್’ ಎಂದು ಸುರುವಾದ ಆ ಪುಟದಲ್ಲಿ ‘ಕ್ಷುಲ್ಲಕ’ ಇರಲಿಲ್ಲ, ಕೋಳಿ ಇತ್ತು. ಆಮೇಲೆ ಎಡಪುಟ ಕನ್ನಡ, ಬಲಪುಟ ಮನೆಮಾತು ಎಂಬುದೇ ಕೂಟದ ರೂಢಿಯಾಯಿತು. ಹವ್ಯಕರು ಹವ್ಯಕದಲ್ಲಿ ಬರೆದರು. ಚಿತ್ಪಾವನಿಯವರ ಪುಟ ನನಗೆ ಓದಿದರೂ ಅರ್ಧ ಅರ್ಥವಾಗುವುದಿಲ್ಲ, ಅದು ಅವರಿಗೆ ಒಳ್ಳೆಯದೇ ಆಯಿತು.

ಯಾಕೆಂದರೆ ಗುಟ್ಟಿನ ಪ್ರಶ್ನೆ ಸಣ್ಣದಲ್ಲ. ಕೂಡುಕುಟುಂಬದ ಮನೆಯಲ್ಲಿ ಸೊಸೆಯ ನೋಟ್‌ಬುಕ್ ಎಂದರೆ ಎಲ್ಲರ ನೋಟ್‌ಬುಕ್. ಕೆಲವರ ಬರಹ ಇದ್ದಕ್ಕಿದ್ದಂತೆ ತೀರಾ ಸಾಧುವಾಗಿಬಿಟ್ಟಿತು: ‘ಎಲ್ಲ ದೇವರ ಇಚ್ಛೆ’, ‘ಮನೆಯವರೆಲ್ಲ ಒಳ್ಳೆಯವರು’. ಮನೆಯಲ್ಲಿ ಯಾರೋ ಓದುತ್ತಿದ್ದಾರೆ ಎಂದು ಅದರಿಂದಲೇ ಊಹಿಸಬಹುದಾಗಿತ್ತು. ಭಜನೆ ಪುಸ್ತಕ, ತಾಳ ಇಡುವ ಕಪಾಟಿನಲ್ಲಿ ಒಂದು ಅರೆ ಖಾಲಿ ಮಾಡಿ, ಬೇಕಾದವರು ನೋಟ್‌ಬುಕ್ ಅಲ್ಲೇ ಬಿಟ್ಟು ಹೋಗಬಹುದು ಎಂದು ಮಾಡಿದೆವು. ಬೀಗದ ಕೈ ಒಬ್ಬ ಹಿರಿಯ ಹೆಂಗಸಿನ ಹತ್ತಿರ. ಕೂಟದಲ್ಲಿ ಯಾರೂ ಯಾರ ಪುಟವನ್ನೂ ಕೇಳಬಾರದು, ತಾವಾಗಿ ಓದಿದರೆ ಅದಕ್ಕೆ ಬುದ್ಧಿವಾದ ಹೇಳಬಾರದು. ಮೊದಲ ನಿಯಮ ಸುಲಭವಾಗಿ ನಡೆಯಿತು. ಎರಡನೆಯದನ್ನು ಪಾಲಿಸಲು ಗಂಡಸರಿಗೆ ಬಹಳ ಕಷ್ಟವಾಯಿತು.

ಮೂರನೇ ಪ್ರಶ್ನೆಯನ್ನು, ಒಪ್ಪಿಗೆಯಾಗದ್ದು ಏನು ಎಂಬುದನ್ನು, ಹೆಚ್ಚಿನವರು ಖಾಲಿ ಬಿಡುತ್ತಿದ್ದರು. ಗೀತೆಗೆ ಒಪ್ಪಿಗೆ ಇಲ್ಲ ಎನ್ನಲು ನಾವು ಯಾರು ಎಂಬ ಅಳುಕು. ‘ಇಂಥ ಪ್ರಶ್ನೆ ಕೇಳಿಸುವುದು ಅಪಚಾರ ಅಲ್ವಾ?’ ಎಂದು ಅರ್ಥಧಾರಿಗಳೇ ತಕರಾರು ಎತ್ತಿದರು. ಅರ್ಜುನ ಏನು ಮಾಡಿದ್ದಾನೆ ನೋಡಿ ಎಂದೆ. ಮೂರನೇ ಅಧ್ಯಾಯದ ಸುರುವಿಗೇ, ನೀನು ಎರಡೆರಡು ಮಾತಾಡಿ ನನ್ನ ಬುದ್ಧಿ ಗಲಿಬಿಲಿ ಮಾಡುತ್ತಿದ್ದೀ ಎಂದು ಕೃಷ್ಣನಿಗೇ ದೂರು ಹೇಳುತ್ತಾನೆ. ಆರನೆಯದರಲ್ಲಿ, ಈ ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದ ಹಾಗೆ, ನೀನು ಹೇಳಿದ ಯೋಗ ನಿಲ್ಲುವುದು ನನಗೆ ಕಾಣುವುದಿಲ್ಲ ಎನ್ನುತ್ತಾನೆ. ಎಲ್ಲ ಹೇಳಿ ಮುಗಿಸಿದ ಮೇಲೆ 18ನೇ ಅಧ್ಯಾಯದ 63ನೇ ಶ್ಲೋಕದಲ್ಲಿ ಕೃಷ್ಣನೂ, ಪೂರ್ತಿ ವಿಚಾರ ಮಾಡಿ ನಿನಗೆ ಸರಿ ಕಂಡಂತೆ ಮಾಡು ಎಂದು ಬಿಟ್ಟುಕೊಡುತ್ತಾನೆ. ಅರ್ಜುನ ಬಾಯಿ ಮುಚ್ಚಿ ಕೂತಿದ್ದರೆ ಎರಡನೇ ಅಧ್ಯಾಯಕ್ಕೇ ಗೀತೆ ಮುಗಿಯುತ್ತಿತ್ತು. ಅರ್ಥಧಾರಿಗಳಿಗೆ ಈ ವಾದ ಹಿಡಿಸಿತು. ಅವರಿಗೆ ವಾದ ಹಿಡಿಸಿದರೆ ಸಾಕು.

2019ರ ಆಗಸ್ಟ್ 9ರಂದು ಈ ಪ್ರಶ್ನೆಯ ಬೆಲೆ ಗೊತ್ತಾಯಿತು. ಅವತ್ತು ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ಊರುಗಳಲ್ಲಿ ಬಂದ ನೆರೆಯನ್ನು ಈ ಕಡೆಯವರಾರೂ ಮರೆಯುವುದಿಲ್ಲ. ಚಾರ್ಮಾಡಿ ಘಾಟಿಯ ದಾರಿ ಬಂದ್ ಆಯಿತು, ಗುಡ್ಡ ಜರಿದು ಮರದ ದಿಮ್ಮಿಗಳು ಹೊಳೆಯಲ್ಲಿ ಬಂದವು. ನೀರು ಇಳಿದ ಮೇಲೆ ಎಷ್ಟೋ ತೋಟಗಳಲ್ಲಿ ಮಣ್ಣು ಕಾಣಲಿಲ್ಲ, ಮರಳಿತ್ತು. ಕೂಟಕ್ಕೆ ಬರುತ್ತಿದ್ದ ಒಬ್ಬರು ಅಕ್ಕನ ತೋಟವೂ ಹಾಗೇ ಆಯಿತು. ನಾವು ಆಗ 12ನೇ ಅಧ್ಯಾಯದಲ್ಲಿದ್ದೆವು, ಸುಖದಲ್ಲೂ ದುಃಖದಲ್ಲೂ ಸಮನಾಗಿರುವ ಭಕ್ತನ ಲಕ್ಷಣಗಳು ಬರುವಲ್ಲಿ. ಕೆಲವು ವಾರ ಕೂಟ ನಡೆಯಲಿಲ್ಲ, ಎಲ್ಲರೂ ಮರಳು ತೆಗೆಯುವುದರಲ್ಲಿದ್ದರು.

ಮತ್ತೆ ಸೇರಿದಾಗ ಆ ಅಕ್ಕ ಬಂದರು, ಬರೆದರು, ಎದ್ದು ಹೋದರು. ಬರೆದದ್ದನ್ನು ಆಮೇಲೆ ಒಂದು ದಿನ ಅವರೇ ತೋರಿಸಿದರು. ಮೊದಲ ಎರಡು ಪ್ರಶ್ನೆಗೆ ಏನೂ ಇಲ್ಲ. ಮೂರನೆಯದಕ್ಕೆ ‘ಎಂಕ್ ಒಪ್ಪಿಗೆ ಇಜ್ಜಿ’, ಅಷ್ಟೇ. ಮುಂದಿನ ವಾರವೂ ಅದೇ ಸಾಲು, ಅದರ ಮುಂದಿನ ವಾರವೂ. ಆ ಪ್ರಶ್ನೆ ಇರದಿದ್ದರೆ ಅವರು ಒಂದೋ ಸುಳ್ಳು ಬರೆಯಬೇಕಿತ್ತು, ಇಲ್ಲ ಕೂಟ ಬಿಡಬೇಕಿತ್ತು. ತಿಂಗಳುಗಳು ಕಳೆದ ಮೇಲೆ ಅದೇ ಪುಟದ ಕೆಳಗೆ, ಖಾಲಿ ಬಿಟ್ಟ ಗೆರೆಗಳಲ್ಲಿ, ಬೇರೆ ಬಣ್ಣದ ಶಾಯಿಯಲ್ಲಿ ಹೀಗೆ ಬರೆದಿದ್ದರು: ಇದನ್ನು ನನಗೆ ಬೇರೆಯವರು ಬಂದು ಹೇಳಬಾರದು, ನಾನೇ ಹೇಳಿಕೊಂಡರೆ ಆಗಬಹುದೋ ಏನೋ. ನೆರೆಯ ಮರುದಿನದಿಂದ ಅವರ ಮನೆಗೆ ಹೋದ ನಾವೆಲ್ಲ ಏನೇನು ಸಮಾಧಾನ ಹೇಳಿದ್ದೆವೋ ಎಂದು ಓದಿದವನಿಗೆ ಎದೆ ಧಸಕ್ಕೆಂದಿತು.

ಖಾಲಿ ಗೆರೆ ಬಿಡುವುದು ಇದಕ್ಕೆ. ಒಂದು ಅಧ್ಯಾಯ ಮುಗಿದಾಗಲೆಲ್ಲ ಓದು ನಿಲ್ಲಿಸಿ, ಒಂದು ವಾರ ಹಳೆಯ ಪುಟಗಳಿಗೇ ಹೋಗುತ್ತೇವೆ. ತಿದ್ದಬಾರದು, ಹೊಡೆದು ಹಾಕಬಾರದು. ಹೇಳಲು ಏನಾದರೂ ಇದ್ದರೆ ತಾರೀಕು ಹಾಕಿ ಕೆಳಗೆ ಬರೆಯುವುದು. ಬರೆಯುವುದಕ್ಕಿಂತ ಈ ಹಿಂದಿರುಗಿ ಓದುವುದರಲ್ಲೇ ಹೆಚ್ಚಿನದು ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಮಳೆಯ ಪುಸ್ತಕದವರು ಇದನ್ನು ನನಗಿಂತ ಮೊದಲೇ ಕಂಡುಕೊಂಡಿದ್ದರು. ಒಂದು ದಿನದ ಅಂಕಿಯಿಂದ ಏನೂ ತಿಳಿಯುವುದಿಲ್ಲ, ವರ್ಷಗಳನ್ನು ಪಕ್ಕಪಕ್ಕ ಇಟ್ಟರೆ ಕೊಳೆರೋಗದ ಮದ್ದು ಯಾವಾಗ ಬಿಡಬೇಕೆಂದು ತಿಳಿಯುತ್ತದೆ ಎಂದರು.

ಶಾಸ್ತ್ರ ಮತ್ತು ದಿನಚರಿಯ ನಂಟು ನಾವು ಕಂಡುಹಿಡಿದದ್ದೇನೂ ಅಲ್ಲ. 1930ರಲ್ಲಿ ದಂಡಿಗೆ ಹೊರಟವರಿಗೆ ಗಾಂಧೀಜಿ ಪ್ರಾರ್ಥನೆ, ನೂಲುವುದು, ದಿನಚರಿ ಬರೆಯುವುದು ಮೂರನ್ನೂ ಕಡ್ಡಾಯ ಮಾಡಿದ್ದರು. 1932ರಲ್ಲಿ ಧುಳೆ ಜೈಲಿನಲ್ಲಿ ವಿನೋಬಾ 18 ಭಾನುವಾರ ಗೀತೆಯ ಮೇಲೆ ಮಾತಾಡಿದರು. ಜೊತೆಯ ಕೈದಿ ಸಾನೆ ಗುರೂಜಿ ಬರೆದುಕೊಂಡದ್ದರಿಂದ ಅದು ‘ಗೀತಾ ಪ್ರವಚನ’ವಾಗಿ ನಮ್ಮ ಕೈಗೆ ಬಂತು. ಇದನ್ನು ಹೇಳಿದಾಗ ಕೂಟದವರಿಗೆ ಬಹಳ ಹುರುಪು ಬಂತು. ಒಬ್ಬರು ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳತೊಡಗಿದರು! ಸಾನೆ ಗುರೂಜಿ ಬರೆದದ್ದು ಎಡಗಡೆಯ ಪುಟ, ವಿನೋಬಾ ಹೇಳಿದರೆ ಅದಕ್ಕೆ ಬೆಲೆ ಉಂಟು, ನಾನು ಹೇಳಿದ್ದಕ್ಕೆ ಕಾಗದ ಹಾಳು ಮಾಡಬೇಡಿ ಎಂದು ತಡೆದೆ.

ಅತಿಯಾದರೆ ಕೆಡುವ ಸಂಗತಿಯೂ ಇದರಲ್ಲಿದೆ. ಎರಡನೇ ಪ್ರಶ್ನೆ ಕೆಲವರ ಕೈಯಲ್ಲಿ ಬರೇ ತಪ್ಪುಗಳ ಪಟ್ಟಿಯಾಗುತ್ತದೆ. ಒಬ್ಬ ಹುಡುಗ ವಾರ ವಾರವೂ ಅದೇ ಸೋಮಾರಿತನ, ಅದೇ ಮೊಬೈಲು, ಅದೇ ಮಾತುಗಳಲ್ಲಿ ಬರೆಯುತ್ತಿದ್ದ. ಮೂಡುಬಿದಿರೆ ಕಡೆಯಿಂದ ಬರುತ್ತಿದ್ದ ಜೈನ ಸ್ನೇಹಿತರೊಬ್ಬರು, ತಮ್ಮಲ್ಲಿ ಪ್ರತಿಕ್ರಮಣ ಇದೆ, ಮಾಡಿದ ದೋಷವನ್ನು ಗುರುವಿನ ಎದುರು ಹೇಳಿಕೊಳ್ಳುವ ‘ಆಲೋಚನಾ’ ಇದೆ, ಆದರೆ ಅದು ಹೇಳಿ ಬಿಟ್ಟು ಏಳುವುದಕ್ಕೆ, ಹೊತ್ತುಕೊಂಡು ತಿರುಗುವುದಕ್ಕಲ್ಲ ಎಂದರು. ಒಂದೇ ದೋಷ ಅದೇ ಮಾತಿನಲ್ಲಿ ಮತ್ತೆ ಮತ್ತೆ ಬಂದರೆ ಎರಡನೇ ಪ್ರಶ್ನೆಯನ್ನು ಕೆಲವು ವಾರ ಬಿಟ್ಟು, ಮೊದಲನೆಯದನ್ನು ಮಾತ್ರ ಬರೆಯಲು ಹೇಳುತ್ತೇನೆ: ತಾರೀಕು, ಒಂದು ಶಬ್ದ, ಸಾಕು. ಲಿಖಿತ ಜಪದ ಅಮ್ಮ ಕೊನೆಗೆ ಹಿಡಿದುಕೊಂಡದ್ದೂ ಇದನ್ನೇ. ಅವರ ಬಲಗಡೆಯ ಪುಟದಲ್ಲಿ ತಾರೀಕಿನ ಎದುರು ಒಂದೊಂದೇ ಶಬ್ದ ಇಳಿದುಕೊಂಡು ಬಂದಿದೆ, ಹೆಚ್ಚಿನವು ಮೊಮ್ಮಕ್ಕಳ ಹೆಸರು.

ಈಗ ಕೂಟ ಎರಡನೇ ಸಲ ಮೊದಲ ಅಧ್ಯಾಯದಿಂದ ಓದುತ್ತಿದೆ. ಹಳೆಯ ನೋಟ್‌ಬುಕ್ ಪಕ್ಕದಲ್ಲಿರುವುದರಿಂದ ಹೊಸ ಚರ್ಚೆ ಎದ್ದಿದೆ. ಶ್ಲೋಕ ಓದುವ ಮೊದಲೇ ಹಳೆಯ ಪುಟ ತೆರೆದವರು ಅದಕ್ಕೇ ಉತ್ತರ ಬರೆಯುತ್ತಾ ಕೂರುತ್ತಾರೆ, ಶ್ಲೋಕ ಬದಿಗೆ ಹೋಗುತ್ತದೆ. ಹೊಸದು ಬರೆದು ಮುಗಿಸಿದ ಮೇಲೆಯೇ ಹಳೆಯದು ತೆರೆಯುವುದು ಎಂದು ಸದ್ಯಕ್ಕೆ ಕ್ರಮ ಮಾಡಿದ್ದೇವೆ. ಎರಡನೇ ಅಧ್ಯಾಯದ 62ನೇ ಶ್ಲೋಕ ಬಂದ ದಿನ ಆ ತೋಟದ ಅಣ್ಣ ಹಾಗೆಯೇ ಮಾಡಿದರು. ಈ ಸಲ ನಿಲ್ಲಿಸಿದ ಶಬ್ದ ಬೇರೆ, ಘಟನೆ ಬೇರೆ, ತಮ್ಮನ ಸುದ್ದಿಯೇ ಇಲ್ಲ. ಆಮೇಲೆ ಹಳೆಯ ಪುಟ ತೆರೆದು ಓದಿ, ‘ಮಾಷ್ಟ್ರೇ, ಹಿಂಗಾರ ಎಣಿಸುದು ಈಗ ಮಗ ಸುರು ಮಾಡಿದ್ದಾನೆ, ಅವನನ್ನೂ ಒಮ್ಮೆ ಕರ್ಕೊಂಡು ಬರ್ಲಾ?’ ಎಂದು ಕೇಳಿದರು. ಬರಲಿ ಎಂದೆ. ಮುಂದಿನ ವಾರಕ್ಕೆ ಒಂದು ನೋಟ್‌ಬುಕ್ ಹೆಚ್ಚು ತರಬೇಕು.